ಅರ್ಧ ನಾವು, ಅರ್ಧ ಅವರು

ಡೈ ಒಡೆದದ್ದು ಮಂಗಳವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ. ಪಂಚಿಂಗ್ ಮಷಿನ್ ಒಂದು ಸಲ ಬಾಯಿ ಮುಚ್ಚಿ ತೆರೆಯುವಷ್ಟರಲ್ಲಿ ಟಪ್ ಅಂತ ಸದ್ದಾಯಿತು, ಅಷ್ಟೇ. ಸಿನಿಮಾದಲ್ಲಾದರೆ ಇಷ್ಟು ದೊಡ್ಡ ಅನಾಹುತಕ್ಕೆ ಗುಡುಗು, ಸಿಡಿಲು, ದೇವಸ್ಥಾನದ ಗಂಟೆ ಎಲ್ಲ ಕೊಡುತ್ತಿದ್ದರು. ಇಲ್ಲಿ ಮಷಿನ್ ನಡೆಸುವವನು ಸ್ವಿಚ್ ಆರಿಸಿ, ಬನಿಯನ್ನಿನಲ್ಲಿ ಕೈ ಒರೆಸಿಕೊಂಡು, ಟೀ ಕುಡಿಯಲು ಹೊರಗೆ ಹೋದ.

ಡೈ ಅಂದರೆ ನೋಡುವುದಕ್ಕೆ ಏನೂ ಇಲ್ಲ. ಒಂದು ದಪ್ಪ ಪ್ಲೈವುಡ್ ಹಲಗೆ, ಅದರೊಳಗೆ ಡಬ್ಬಿಯ ಆಕಾರಕ್ಕೆ ಬಗ್ಗಿಸಿ ಕೂರಿಸಿದ ಬ್ಲೇಡುಗಳು. ಪ್ರಿಂಟಾದ ರಟ್ಟಿನ ಹಾಳೆಯನ್ನು ಅದಕ್ಕೆ ಒತ್ತಿದರೆ ಒಂದೇ ಏಟಿಗೆ ನಾಲ್ಕು ಮಾತ್ರೆ ಡಬ್ಬಿ ಕತ್ತರಿಸಿ ಬೀಳುತ್ತವೆ. ಈಗ ಆ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿ, ಬ್ಲೇಡುಗಳು ಮುದುಕನ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು.

ಅದನ್ನು ನೋಡಿ ಡೈಲಾಗ್ ಹೇಳಿದ ಮೊದಲ ಮಾತು, "ಭಾವ, ವಿಲನ್ ಎಂಟ್ರಿ ಆಯ್ತು."

ಅವನ ಹೆಸರು ಬೇರೆ ಇತ್ತು. ಆದರೆ ಒಂದು ಲೋಟ ನೀರು ಕೇಳುವಾಗಲೂ ಎದೆಯುಬ್ಬಿಸಿ, ಹುಬ್ಬೇರಿಸಿ, ಎರಡು ಸಾಲು ಹೊಡೆಯುತ್ತಿದ್ದ ಕಾರಣ ಒಡಹುಟ್ಟಿದ ಅಕ್ಕನೇ ಅವನನ್ನು ಡೈಲಾಗ್ ಅಂತ ಕರೆಯುತ್ತಿದ್ದಳು. ಅಕ್ಕನ ಗಂಡನದೇ ಈ ಡಬ್ಬಿ ಯೂನಿಟ್ಟು. ಸಾಮಾನು ತರಿಸುವುದು, ಪಾರ್ಟಿಗಳ ಜೊತೆ ಮಾತಾಡುವುದು, ಮೇಲ್ ಕಳಿಸುವುದು, ಬೈಸಿಕೊಳ್ಳುವುದು ಎಲ್ಲ ಡೈಲಾಗ್ ಪಾಲಿನದು. ಬಾಯಿದ್ದವನಿಗೆ ಅದೇ ಸರಿಯಾದ ಕೆಲಸ ಅಂತ ಭಾವ ಎರಡು ವರ್ಷದ ಹಿಂದೆ ಕೂರಿಸಿದ್ದರು.

ಭಾವ ನಗಲಿಲ್ಲ. ಸೀಳಿದ ಹಲಗೆಯ ಮೇಲೆ ಬೆರಳಾಡಿಸಿ, "ಶುಕ್ರವಾರ" ಅಂದರು. ಅಷ್ಟೇ ಸಾಕಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮಾತ್ರೆ ಕಂಪನಿಯ ವ್ಯಾನ್ ಬರಬೇಕು. ಇಪ್ಪತ್ತು ಸಾವಿರ ಡಬ್ಬಿ. ಆ ಕಂಪನಿಯಲ್ಲಿ ಒಂದು ಕಟ್ಟುನಿಟ್ಟು: ವರ್ಷದಲ್ಲಿ ಎರಡು ಸಲ ತಾರೀಖು ತಪ್ಪಿದರೆ ಸಪ್ಲೈಯರ್ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಒಂದು ಸಲ ಈಗಾಗಲೇ ತಪ್ಪಿತ್ತು. ಯೂನಿಟ್ಟಿನ ನಾಲ್ಕರಲ್ಲಿ ಮೂರು ಪಾಲು ಕೆಲಸ ಅವರದೇ. ಪೇಸ್ಟಿಂಗ್ ಮಾಡುವ ಎಂಟು ಜನ ಹೆಂಗಸರು, ಮಷಿನ್ನಿನವನು, ಅಕ್ಕ, ಭಾವ, ಡೈಲಾಗ್, ಎಲ್ಲರ ಅನ್ನ ಆ ಒಂದು ಪಟ್ಟಿಯಲ್ಲಿದ್ದ ಒಂದು ಸಾಲು.

ಲೆಕ್ಕ ಸುಲಭವಿತ್ತು. ಬುಧವಾರ ಮಧ್ಯಾಹ್ನದೊಳಗೆ ಹೊಸ ಡೈ ಕೈಗೆ ಬಂದರೆ, ಗುರುವಾರ ಬೆಳಿಗ್ಗೆಯೊಳಗೆ ಪಂಚಿಂಗ್, ಇಡೀ ಗುರುವಾರ ಪೇಸ್ಟಿಂಗ್, ಶುಕ್ರವಾರ ವ್ಯಾನ್. ಹೊಸ ಡೈಗೆ ಮಾಮೂಲಿ ಐದು ದಿನ ಬೇಕು. ಇದ್ದದ್ದು ಒಂದೂ ಕಾಲು ದಿನ.

ಡೈ ಮಾಡಿಕೊಡುವವರು ಒಬ್ಬ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ. ಊರಿನಲ್ಲಿ ಡೈ ಮಾಡುವ ಅರ್ಧ ಜನಕ್ಕೆ ಬ್ಲೇಡು ಬಗ್ಗಿಸಲು ಕಲಿಸಿದವರು, ಹಾಗಾಗಿ ಮೇಷ್ಟ್ರು. ಅವರ ಶೆಡ್ಡಿಗೆ ಡೈಲಾಗ್ ಸ್ಕೂಟರಿನಲ್ಲಿ ಹೋಗಿ ಇಳಿದಾಗ ಹತ್ತು ಗಂಟೆ. ಒಳಗೆ ಲೇಸರ್ ಮಷಿನ್ ಹಲಗೆ ಕೊಯ್ಯುತ್ತಿತ್ತು. ಸುಟ್ಟ ಮರದ ವಾಸನೆ, ನೀಲಿ ಹೊಗೆ. ಗೋಡೆಗೆ ಬರೆದು ಅಂಟಿಸಿದ ಕೆಲಸದ ಸಾಲಿನಲ್ಲಿ ಏಳು ಪಾರ್ಟಿಗಳ ಹೆಸರು.

ಡೈಲಾಗ್ ಬಾಗಿಲಲ್ಲೇ ಕೈ ಮುಗಿದು, ಬಡವರ ಬಂಧು, ಬ್ಲೇಡುಗಳ ಬ್ರಹ್ಮ ಅಂತ ಶುರು ಮಾಡಿದ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅವನ ಮಾತು ಮುಗಿಯುವವರೆಗೆ ಕಾದರು.

"ಬೆಣ್ಣೆ ಹಚ್ಚೋದು ಮುಗೀತಾ? ಯಾವತ್ತಿಗೆ ಬೇಕು ಹೇಳು."

"ನಾಳೆ ಮಧ್ಯಾಹ್ನ, ಮೇಷ್ಟ್ರೇ."

ಮೇಷ್ಟ್ರು ಗೋಡೆಯ ಸಾಲನ್ನು ನೋಡಿದರು. ಆಗುತ್ತೆ, ಆದರೆ ಸುಮ್ಮನೆ ಆಗಲ್ಲ ಅಂದರು. ಎರಡು ಗಂಟೆಗೆ ಲೇಸರಿಗೆ ಏರಬೇಕಾದ ಕೆಲಸವನ್ನು ಹಿಂದೆ ತಳ್ಳಬೇಕು, ಆ ಪಾರ್ಟಿಗೆ ಸಮಾಧಾನ ಹೇಳಬೇಕು, ಬ್ಲೇಡು ಬಗ್ಗಿಸುವ ಇಬ್ಬರನ್ನು ಸಂಜೆ ಆರರ ಮೇಲೆ ಓವರ್‌ಟೈಮ್ ನಿಲ್ಲಿಸಿಕೊಳ್ಳಬೇಕು. ಡೈ ರೇಟು ಹನ್ನೆರಡು ಸಾವಿರ. ಅರ್ಜೆಂಟ್ ಚಾರ್ಜು ಅದರ ಮೇಲೆ ಆರು.

ಡೈಲಾಗ್ ಎದೆ ಹಿಡಿದುಕೊಂಡು ಬೀಳುವವನಂತೆ ಕಂಬಕ್ಕೆ ಒರಗಿದ. ಮೇಷ್ಟ್ರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಆರನ್ನ ಯಾರು ಕೊಡ್ತಾರೆ? ನೀವೋ, ಮಾತ್ರೆ ಕಂಪನಿಯವರೋ?"

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಈ ಕಸುಬಿನಲ್ಲಿ ಡೈ ಇರುವುದು ಡಬ್ಬಿಯವರ ಹತ್ತಿರ, ಆದರೆ ಅದರ ಮಾಲೀಕರು ಡಬ್ಬಿ ಬೇಕಾದ ಕಂಪನಿಯವರು. ಮೊದಲ ಸಲ ಅದಕ್ಕೆ ದುಡ್ಡು ಕೊಟ್ಟವರು ಅವರೇ; ಹೊಸದರ ಹನ್ನೆರಡು ಸಾವಿರವೂ ಆರ್ಡರಿನ ಪ್ರಕಾರ ಅವರದೇ. ಹಲಗೆಯ ಮೂಲೆಯಲ್ಲಿ ಅವರ ನಂಬರನ್ನೇ ಸುಟ್ಟು ಬರೆದಿರುತ್ತಾರೆ. ಹಳೆಯದು ಸವೆದಿದೆ, ಬದಲಾಯಿಸಿ ಅಂತ ಯೂನಿಟ್ಟಿನಿಂದ ಮೂರು ತಿಂಗಳಲ್ಲಿ ಮೂರು ಮೇಲ್ ಹೋಗಿದ್ದವು. ನೋಡೋಣ ಅಂತ ಮೂರು ಉತ್ತರ ಬಂದಿದ್ದವು. ಹಾಗಾಗಿ ಅರ್ಜೆಂಟ್ ಚಾರ್ಜು ಅವರದು ಅನ್ನಬಹುದು. ಜೋಪಾನ ಮಾಡಬೇಕಾದವರು ನೀವು ಅಂತ ಅವರೂ ಅನ್ನಬಹುದು.

"ಹಿಂದೆ ಒಂದ್ಸಲ ಹೀಗೇ ಆಯ್ತು ಕಣಪ್ಪ," ಅಂದರು ಮೇಷ್ಟ್ರು. "ಡಬ್ಬಿಯವನು ಅವರು ಕೊಡ್ತಾರೆ ಅಂದ. ಅವರು ಡಬ್ಬಿಯವನು ಕೊಡ್ತಾನೆ ಅಂದ್ರು. ನಡುವೆ ನಾನು ಚೆಂಡು. ಎರಡು ಗಂಟೆ ಒಳಗೆ ಯಾರು ಎಷ್ಟು ಅಂತ ಮೇಲ್‌ನಲ್ಲಿ ಬರಲಿ. ಬಂದ್ರೆ ಲೇಸರ್ ನಿಂದು. ಇಲ್ಲಾಂದ್ರೆ ಸಾಲಲ್ಲಿರೋರದ್ದು."

ಡೈಲಾಗ್ ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದ. ಇಡೀ ಆರ್ಡರಿನಲ್ಲಿ ಉಳಿಯುವುದೇ ನಾಲ್ಕು ಸಾವಿರ, ಆರು ಕೊಟ್ಟರೆ ಡಬ್ಬಿಯ ಜೊತೆ ನಮ್ಮ ಚರ್ಮವನ್ನೂ ಪ್ಯಾಕ್ ಮಾಡಿ ಕಳಿಸಿದ ಹಾಗೆ ಅಂತ ಭಾವ ಗೊಣಗಿದರು. ಇವತ್ತು ಪೂರ್ತಿ ಕೊಟ್ಟರೆ ನಾಳೆ ಅದೇ ಪದ್ಧತಿಯಾಗುತ್ತೆ. ಕೊನೆಗೆ, "ಅರ್ಧ ನಾವು, ಅರ್ಧ ಅವರು. ಅದರ ಮೇಲೆ ಒಂದು ಬಿಡಿಗಾಸು ಇಲ್ಲ" ಅಂದರು.

ಮುಂದಿನ ಫೋನ್ ಮಾತ್ರೆ ಕಂಪನಿಗೆ. ಅಲ್ಲಿ ಖರೀದಿ ನೋಡುವವರು ಒಬ್ಬರು ಮೇಡಂ. ಎರಡು ವರ್ಷದಲ್ಲಿ ಡೈಲಾಗ್ ಅವರನ್ನು ಒಂದೇ ಸಲ ಕಂಡಿದ್ದ: ಫೈಲುಗಳ ಗೋಡೆಯ ಹಿಂದೆ ತಲೆ ಮಾತ್ರ ಕಾಣುವ ಮೇಜು, ಟೇಬಲ್ಲಿನ ಗಾಜಿನಡಿ ಮಗಳ ಫೋಟೋ. ಅವನ ಮಾತಿಗೆ ಇಡೀ ಆಫೀಸಿನಲ್ಲಿ ನಗುವವರು ಅವರೊಬ್ಬರೇ. ಇವತ್ತೂ ಎರಡು ಸಾಲಿಗೆ ನಕ್ಕರು. ಆಮೇಲೆ ಗಂಭೀರವಾದರು. ಮೂರು ಮೇಲ್ ಬಂದಿದ್ದು ನಿಜ, ನಮ್ಮಿಂದಲೂ ತಡವಾಗಿದೆ ಅಂತ ಒಪ್ಪಿಕೊಂಡರು. ಆದರೆ ಆರ್ಡರಿನಲ್ಲಿಲ್ಲದ ಒಂದು ಕಾಸಿಗೂ ದೊಡ್ಡವರ ಸಹಿ ಬೇಕು; ದೊಡ್ಡವರು ಮೀಟಿಂಗಿನಲ್ಲಿದ್ದಾರೆ, ಮೂರೂವರೆಗೆ ಸಿಗುತ್ತಾರೆ.

"ಮೇಡಂ, ಮೂರೂವರೆಗೆ ಪಿಕ್ಚರ್ ಮುಗಿದು ಗೇಟ್ ಹಾಕಿರ್ತಾರೆ. ಎರಡು ಗಂಟೆಗೇ ಹೇಳ್ಬೇಕು."

"ನನ್ನ ಕೈಲಿಲ್ಲ ಕಣ್ರೀ. ಕೇಳಿ ನೋಡ್ತೀನಿ."

ಕೇಳಿ ನೋಡ್ತೀನಿ. ಈ ಎರಡು ಪದ ಹಿಡಿದುಕೊಂಡು ಡೈಲಾಗ್ ಮೇಷ್ಟ್ರ ಶೆಡ್ಡಿನ ಎದುರಿನ ಕಲ್ಲಿನ ಮೇಲೆ ಕೂತ. ಒಂದು ಗಂಟೆಗೆ ಮತ್ತೆ ಫೋನ್ ಮಾಡಿದ, ಎತ್ತಲಿಲ್ಲ. ಒಂದೂವರೆಗೆ ಮಾಡಿದ, ಬ್ಯುಸಿ. ಒಳಗೆ ಲೇಸರ್ ನಿಂತಿತು. ಹಿಂದಿನ ಹಲಗೆ ಇಳಿಸುತ್ತಿದ್ದಾರೆ ಅಂತ ಸದ್ದಿನಲ್ಲೇ ಗೊತ್ತಾಯಿತು.

ಆಗ ಅವನ ತಲೆಯೊಳಗಿನ ಹೀರೋ ಎದ್ದು ನಿಂತ. ಹೀರೋ ಅಂದವನು ಒಪ್ಪಿಗೆಗೆ ಕಾಯುತ್ತಾನಾ? ಮೇಡಂ ಒಳ್ಳೆಯವರು. ತಡವಾದದ್ದು ತಮ್ಮಿಂದಲೇ ಅಂತ ಅವರೇ ಅಂದಿದ್ದಾರೆ. ಮೂರು ಸಾವಿರ ಅಂದರೆ ಆ ಕಂಪನಿಗೆ ಎಷ್ಟು, ಅವರ ಗೇಟಿನ ಗಿಡಗಳಿಗೆ ಹಾಕುವ ಗೊಬ್ಬರಕ್ಕೆ ಅದಕ್ಕಿಂತ ಹೆಚ್ಚಾಗುತ್ತೆ. ಮೂರೂವರೆಗೆ ಹೇಗೂ ಹೂಂ ಅನ್ನುತ್ತಾರೆ. ಬರಲಿರುವ ಹೂಂ ಅನ್ನು ಎರಡು ಗಂಟೆ ಮುಂಚೆ ಬರೆದರೆ ಅದು ಸುಳ್ಳಲ್ಲ, ಅಡ್ವಾನ್ಸ್ ಬುಕ್ಕಿಂಗ್.

ಒಂದೂ ನಲವತ್ತಕ್ಕೆ ಮೊಬೈಲಿನಲ್ಲಿ ಟೈಪ್ ಮಾಡಿದ: ಅರ್ಜೆಂಟ್ ಚಾರ್ಜ್ ಆರು ಸಾವಿರದಲ್ಲಿ ಅರ್ಧ ನಮ್ಮದು, ಅರ್ಧ ಮಾತ್ರೆ ಕಂಪನಿಯವರದು, ಇಬ್ಬರೂ ಒಪ್ಪಿದ್ದೇವೆ, ದಯವಿಟ್ಟು ಕೆಲಸ ಶುರು ಮಾಡಿ. ಮೇಡಂಗೆ ಕಾಪಿ ಹಾಕಲಿಲ್ಲ. ಮೂರೂವರೆಯ ಮೇಲೆ ಹಾಕಿದರಾಯಿತು ಅಂದುಕೊಂಡ.

ಮೇಷ್ಟ್ರು ಮೇಲ್ ಓದಿ, "ಪರವಾಗಿಲ್ವೇ, ಮಾತಲ್ಲೇ ಗೆದ್ದುಬಿಟ್ಟೆ" ಅಂದರು. ಎರಡು ಗಂಟೆಗೆ ಹೊಸ ಹಲಗೆ ಲೇಸರಿಗೆ ಏರಿತು. ಕೆಂಪು ಚುಕ್ಕೆಯೊಂದು ಡಬ್ಬಿಯ ಗೆರೆ ಹಿಡಿದು ಓಡುವುದನ್ನು ಡೈಲಾಗ್ ನಿಂತು ನೋಡಿದ. ಭಾವನಿಗೆ ಫೋನ್ ಮಾಡಿ, ಇಂಟರ್ವಲ್‌ಗೆ ಮುಂಚೆಯೇ ಗೆದ್ದೆ ಅಂದ. ಭಾವ ಮೊದಲ ಸಲ ನಕ್ಕರು. ಹಿಂದಿನಿಂದ ಅಕ್ಕ, ಮಧ್ಯಾಹ್ನ ಊಟ ಮಾಡಿದ್ನಾ ಕೇಳಿ ಅನ್ನುತ್ತಿದ್ದದ್ದು ಕೇಳಿಸಿತು.

ಅವನಿಗೆ ಗೊತ್ತಿಲ್ಲದ್ದು ಒಂದೇ. ಇನ್ನೊಬ್ಬರ ಸ್ವತ್ತಾದ ಡೈ ಮಾಡುವಾಗ ಮೇಷ್ಟ್ರು ಬಿಲ್ಲಿನ ಕರಡನ್ನು ಅವತ್ತೇ ಮಾಲೀಕರಿಗೆ ಕಳಿಸುತ್ತಿದ್ದರು. ಚೆಂಡಾದ ದಿನದಿಂದ ಹಿಡಿದುಕೊಂಡ ಅಭ್ಯಾಸ. ಎರಡೂ ಮುಕ್ಕಾಲಿಗೆ ಮೇಷ್ಟ್ರ ಸೊಸೆ ಕಂಪ್ಯೂಟರಿನ ಮುಂದೆ ಕೂತು, ಡೈಲಾಗ್‌ನ ಮೇಲನ್ನೇ ಅಡಿಗೆ ಸೇರಿಸಿ, ಅರ್ಜೆಂಟ್ ಚಾರ್ಜ್ ನಿಮ್ಮ ಪಾಲು ಮೂರು ಸಾವಿರ, ಒಪ್ಪಿದ್ದಕ್ಕೆ ಧನ್ಯವಾದ ಅಂತ ಬರೆದು, ಕಂಪನಿಯ ಖರೀದಿ ವಿಳಾಸಕ್ಕೆ ಕಳಿಸಿದಳು. ಆ ವಿಳಾಸಕ್ಕೆ ಬಂದದ್ದನ್ನು ಮೇಡಂ ಮಾತ್ರ ಅಲ್ಲ, ದೊಡ್ಡವರೂ ಓದುತ್ತಾರೆ.

ನಾಲ್ಕರ ಹೊತ್ತಿಗೆ ಯೂನಿಟ್ಟಿಗೆ ವಾಪಸು ಬಂದು ಡೈಲಾಗ್ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ, ಉತ್ತರ ಬಂತು. ಎಲ್ಲರಿಗೂ ಕಾಪಿ. ದೊಡ್ಡವರು ಬರೆದದ್ದು ನಾಲ್ಕೇ ಸಾಲು. ಇಂಥ ಒಪ್ಪಿಗೆ ನಮ್ಮ ಫೈಲಿನಲ್ಲಿಲ್ಲ. ಕೆಲಸ ತಕ್ಷಣ ನಿಲ್ಲಿಸಿ. ನಮ್ಮವರು ಯಾರಾದರೂ ಮಾತು ಕೊಟ್ಟಿದ್ದರೆ ಆ ಮಾತನ್ನು ಉಳಿಸಿಕೊಳ್ಳುತ್ತೇವೆ. ಯಾರು, ಎಷ್ಟು ಹೊತ್ತಿಗೆ ಒಪ್ಪಿದರು ಎಂದು ಡಬ್ಬಿಯವರು ಐದೂವರೆಯೊಳಗೆ ಬರೆದು ತಿಳಿಸಲಿ.

ಡೈಲಾಗ್ ಮೊದಲು ಮೇಷ್ಟ್ರಿಗೆ ಫೋನ್ ಮಾಡಿದ. ಆರೂ ಸಾವಿರ ನಾನೇ ಕೊಡ್ತೀನಿ, ನನ್ನ ಸಂಬಳದಲ್ಲಿ ಕೊಡ್ತೀನಿ, ಸ್ಕೂಟರ್ ಅಡವಿಗೆ ನಿಮ್ಮಲ್ಲೇ ಬಿಡ್ತೀನಿ, ನಿಲ್ಲಿಸಬೇಡಿ ಅಂದ. ಈ ಸಲ ಅದರಲ್ಲಿ ಒಂದು ಸಾಲೂ ಡೈಲಾಗ್ ಆಗಿರಲಿಲ್ಲ.

"ಈಗ ದುಡ್ಡಿನ ಮಾತಲ್ಲ ಮರಿ," ಅಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಡೈ ಅವರದ್ದು. ಮಾಲೀಕರೇ ನಿಲ್ಲಿಸು ಅಂದ್ಮೇಲೆ ನಾನು ಬ್ಲೇಡ್ ಬಗ್ಗಿಸೋಕಾಗಲ್ಲ. ಹಲಗೆ ಕೊಯ್ದಾಗಿದೆ, ಎತ್ತಿಟ್ಟಿರ್ತೀನಿ. ಹುಡುಗ್ರು ಆರರವರೆಗೆ ಇರ್ತಾರೆ. ಅಷ್ಟರೊಳಗೆ ಅವರು ಹೂಂ ಅಂದ್ರೆ ಸರಿ. ಇಲ್ಲ ಅಂದ್ರೆ ಗುರುವಾರ."

ಗುರುವಾರ ಅಂದರೆ ಯಾವತ್ತೂ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಐದು ಗಂಟೆಗೆ ಮೇಡಂ ಫೋನ್ ಬಂತು. ಆಫೀಸಿನಿಂದಲ್ಲ, ಮೆಟ್ಟಿಲ ಮೇಲೆ ನಿಂತು ಮಾತಾಡುವವರ ದನಿ, ಗೋಡೆಗೆ ಬಡಿದು ಗುಂಯ್ ಅನ್ನುತ್ತಿತ್ತು. ಮೂರು ಮೇಲ್ ಬಂದರೂ ನಾವೇ ತಡ ಮಾಡಿದ್ದು, ಹಾಗಾಗಿ ಆರೂ ಸಾವಿರ ನಾವೇ ಕೊಡಬೇಕು ಅಂತ ಟಿಪ್ಪಣಿ ಬರೆದು ಫೈಲು ಒಳಗೆ ಕಳಿಸಿದ್ದರಂತೆ. ಪೂರ್ತಿ ಆರು. ಮೂರೂವರೆಗೆ ದೊಡ್ಡವರ ಮೇಜಿನ ಮೇಲೆ ಆ ಫೈಲಿತ್ತು. ಅದಕ್ಕೆ ಮುಂಚೆ ಅವರು ತೆರೆದದ್ದು ಮೇಷ್ಟ್ರ ಬಿಲ್ಲನ್ನು. ಟಿಪ್ಪಣಿ ನೋಡಿದ ಮೇಲೆ ದೊಡ್ಡವರಿಗೆ ಅನುಮಾನ ಇನ್ನೂ ಗಟ್ಟಿಯಾಯಿತು: ಮೊದಲೇ ಮಾತು ಕೊಟ್ಟು ಆಮೇಲೆ ಫೈಲು ಮಾಡಿದ್ದೀಯ, ನಿನಗೂ ಡಬ್ಬಿಯವರಿಗೂ ಏನು ಒಳ ಒಪ್ಪಂದ ಅಂತ ಎಲ್ಲರ ಮುಂದೆ ಕೇಳಿದರಂತೆ.

"ಒಪ್ಪಿದೀನಿ ಅಂತ ನಾನು ನಿಮಗೆ ಅಂದಿದ್ನಾ?" ಅಂತ ಮೇಡಂ ಕೇಳಿದರು. "ಬೈಯೋಕೆ ಕೇಳ್ತಿಲ್ಲ. ನನಗೇ ಈಗ ಅನುಮಾನ ಬರ್ತಿದೆ, ಅದಕ್ಕೆ ಕೇಳ್ತಿದೀನಿ."

ಡೈಲಾಗ್ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಹತ್ತಿ ಬರುವ ಸದ್ದಾಯಿತು, ಮೇಡಂ ಫೋನ್ ಇಟ್ಟರು.

ಭಾವ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಪೇಸ್ಟಿಂಗ್ ಹೆಂಗಸರು ಕೆಲಸವಿಲ್ಲದೆ ಗೋಡೆಗೊರಗಿ ಕೂತಿದ್ದರು. ಒಬ್ಬಾಕೆ ಒಣಗಿದ ಗೋಂದನ್ನು ಉಗುರಿನಿಂದ ಕೆರೆಯುತ್ತಿದ್ದಳು. ಗಡಿಯಾರದಲ್ಲಿ ಐದೂ ಹತ್ತು.

ಭಾವ ಕಂಪ್ಯೂಟರಿನ ಕಡೆ ನೋಡಿಕೊಂಡೇ, ತಗ್ಗಿದ ದನಿಯಲ್ಲಿ ಕೇಳಿದರು. "ಮೇಡಂ ಹೇಳಿದ್ರು ಅಂತ ಬರೆದ್ರೆ ಏನಾಗುತ್ತೆ?"

"ಡೈ ಆಗುತ್ತೆ. ಶುಕ್ರವಾರ ಡಬ್ಬಿ ಹೋಗುತ್ತೆ."

"ಆ ಅಮ್ಮಂಗೆ?"

ಭಾವ ಹೊರಗೆ ಹೋದರು. ಅಂಗಳದಲ್ಲಿ ರಟ್ಟಿನ ಚೂರುಗಳ ಮೂಟೆಗಳ ನಡುವೆ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ನಡೆದರು. ಅಕ್ಕ ಒಳಬಾಗಿಲಲ್ಲಿ ನಿಂತಿದ್ದವಳು ತಮ್ಮನ ಮುಖವನ್ನೇ ನೋಡಿದಳು. ಚಿಕ್ಕವನಿದ್ದಾಗ ಗಾಜು ಒಡೆದು ಪಕ್ಕದ ಮನೆಯವನ ಹೆಸರು ಹೇಳಿದ್ದವನು ಇವನೇ ಅಂತ ಅವಳಿಗೆ ನೆನಪಿದ್ದಿರಬೇಕು.

ಭಾವ ವಾಪಸು ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. "ಇದ್ದದ್ದು ಬರಿ ಕಣೋ. ಎರಡೇ ಸಾಲು. ನಿನ್ನ ಒಗ್ಗರಣೆ ಬೇಡ."

ಡೈಲಾಗ್ ಬರೆದ. ಮೇಡಂ ಒಪ್ಪಿರಲಿಲ್ಲ, ಕೇಳಿ ನೋಡುತ್ತೇನೆ ಎಂದಷ್ಟೇ ಹೇಳಿದ್ದರು. ಇಬ್ಬರೂ ಒಪ್ಪಿದ್ದೇವೆ ಎಂದು ಬರೆದದ್ದು ನನ್ನ ತಪ್ಪು. ಅರ್ಜೆಂಟ್ ಚಾರ್ಜ್ ಪೂರ್ತಿ ನಾವೇ ಕೊಡುತ್ತೇವೆ, ದಯವಿಟ್ಟು ಡೈ ಕೆಲಸ ಮುಂದುವರಿಸಲು ಅನುಮತಿ ಕೊಡಿ. ಕೊನೆಯ ಸಾಲನ್ನು ಭಾವನ ಮುಖ ನೋಡಿ ಬರೆದ. ಭಾವ ಬೇಡ ಅನ್ನಲಿಲ್ಲ. ಬಿಡಿಗಾಸಿನ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಐದೂ ಇಪ್ಪತ್ತಕ್ಕೆ ಮೇಲ್ ಹೋಯಿತು. ಮನುಷ್ಯನ ಹಾಳು ಆಸೆ, ಆ ಇಪ್ಪತ್ತು ನಿಮಿಷವೂ ಇತ್ತು. ಪೂರ್ತಿ ನಾವೇ ಕೊಡುತ್ತೇವೆ ಅಂದಮೇಲೆ ಬೇಡ ಅನ್ನಲು ಅವರಿಗೇನು ಹುಚ್ಚೇ ಅಂದುಕೊಂಡ ಡೈಲಾಗ್. ಡಬ್ಬಿ ಬೇಕಾದದ್ದು ಅವರಿಗೂ ತಾನೇ. ಮೇಷ್ಟ್ರ ಹುಡುಗರು ಇನ್ನೂ ಹೋಗಿರುವುದಿಲ್ಲ. ಮಷಿನ್ನಿನವನು ಕೂಡ ಎದ್ದು ಹೋಗಿ ಮಷಿನ್ನಿಗೆ ಎಣ್ಣೆ ಬಿಟ್ಟು ಬಂದ.

ಐದೂ ನಲವತ್ತಕ್ಕೆ ದೊಡ್ಡವರ ಉತ್ತರ ಬಂತು. ಸತ್ಯ ತಿಳಿಸಿದ್ದಕ್ಕೆ ಧನ್ಯವಾದ. ನಮ್ಮ ಹೆಸರಿನಲ್ಲಿ ನಾವು ಕೊಡದ ಒಪ್ಪಿಗೆಯನ್ನು ಬರೆಯುವ ಸಪ್ಲೈಯರ್ ಜೊತೆ ಮುಂದುವರಿಯುವುದು ಸಾಧ್ಯವಿಲ್ಲ. ಕೊಯ್ದ ಹಲಗೆಯ ಖರ್ಚನ್ನು ನಾವೇ ಡೈಯವರಿಗೆ ಕೊಟ್ಟು ಅದನ್ನು ತರಿಸಿಕೊಳ್ಳುತ್ತೇವೆ. ಈ ಆರ್ಡರನ್ನು ನಮ್ಮ ಇನ್ನೊಬ್ಬ ಸಪ್ಲೈಯರಿಗೆ ಕೊಡಲಾಗಿದೆ. ಅವರ ಬಳಿ ಇದೇ ಅಳತೆಯ ಡೈ ಇದೆ.

ಭಾವ ಮೇಲನ್ನು ಎರಡು ಸಲ ಓದಿದರು. ಬೈಯುತ್ತಾರೆ ಅಂತ ಡೈಲಾಗ್ ಕಾದ. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳದೆ ಜೇಬಿಗಿಟ್ಟು, ಪೇಸ್ಟಿಂಗ್ ಹೆಂಗಸರ ಹತ್ತಿರ ಹೋದರು. ನಾಳೆ ಬರಬೇಡಿ ಅಂದರು. ನಾಳಿದ್ದು ಅಂತ ಯಾರೋ ಕೇಳಿದರು. ಹೇಳಿ ಕಳಿಸ್ತೀನಿ ಅಂದರು. ಹೆಂಗಸರು ಕೊಡವಿಕೊಂಡು ಎದ್ದರು. ಹೇಳಿ ಕಳಿಸ್ತೀನಿ ಅಂದರೆ ಏನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬುಧವಾರ, ಗುರುವಾರ ಯೂನಿಟ್ಟಿನಲ್ಲಿ ಸದ್ದೇ ಇರಲಿಲ್ಲ. ಭಾವ ಬೇರೆ ಪಾರ್ಟಿಗಳಿಗೆ ಫೋನ್ ಮಾಡುತ್ತಿದ್ದರು. ಪ್ರತಿ ಸಲವೂ ಹೇಗಿದ್ದೀರಿ ಅನ್ನುವಾಗ ದನಿ ಜೋರು, ಸರಿ ಸರಿ ಅನ್ನುವಾಗ ಸಣ್ಣದು. ಡೈಲಾಗ್ ಮೇಡಂಗೆ ಎರಡು ಸಲ ಮಾಡಿದ. ಎರಡನೇ ಸಲ ಬೇರೆ ಯಾರೋ ಎತ್ತಿ, ಅವರು ಈಗ ಖರೀದಿ ನೋಡುತ್ತಿಲ್ಲ, ಗೋಡೌನಿನಲ್ಲಿದ್ದಾರೆ ಅಂದರು. ಸತ್ಯ ಬರೆದದ್ದು ಅವರ ಕೆಲಸ ಉಳಿಸಿತ್ತು, ಮೇಜನ್ನಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕಂಪನಿಯ ವ್ಯಾನ್ ಬಂದು ಗೇಟಿನ ಮುಂದೆ ಹಾರ್ನ್ ಹೊಡೆಯಿತು.

ಡೈಲಾಗ್ ಓಡಿ ಹೋದ. ಏನೋ ಬದಲಾಗಿದೆ, ದೊಡ್ಡವರು ಮನಸ್ಸು ಬದಲಿಸಿದ್ದಾರೆ, ಇಲ್ಲದಿದ್ದರೆ ವ್ಯಾನ್ ಯಾಕೆ ಬರುತ್ತೆ. ಡ್ರೈವರ್ ಕೆಳಗಿಳಿದು, ಹಿಂದಿನ ಬಾಗಿಲು ತೆಗೆದು, ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಎಷ್ಟು ಬಂಡಲ್ ಗುರೂ?"

ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಹೋದ ವಾರವೇ ಕೊಟ್ಟಿದ್ದ ಚೀಟಿ ಜೇಬಿನಲ್ಲಿತ್ತು, ತಾರೀಖು ನೋಡಿಕೊಂಡು ಬಂದಿದ್ದ. ಆರ್ಡರ್ ಕ್ಯಾನ್ಸಲ್ ಆಗಿದೆ ಅಂತ ಡೈಲಾಗ್ ಹೇಳಿದ. ಡ್ರೈವರ್ ಅವನ ಮುಖ ನೋಡಿ ನಕ್ಕ. ಡೈಲಾಗ್ ಹೋದ ಸಲವೂ ಡಬ್ಬಿ ಕಳ್ಳತನವಾಗಿದೆ ಅಂತ ಹೆದರಿಸಿ, ಆಮೇಲೆ ಶಟರ್ ಎತ್ತಿ ತೋರಿಸಿದ್ದ.

"ತಮಾಷೆ ಸಾಕು, ಬಿಸಿಲೇರುತ್ತೆ. ತೆಗಿ ಶಟರು."

ಡೈಲಾಗ್ ಶಟರ್ ಎತ್ತಿದ. ಒಳಗೆ ಕಸ ಗುಡಿಸಿದ ನೆಲ, ಗೋಡೆಗೆ ಒತ್ತರಿಸಿಟ್ಟ ಪೇಸ್ಟಿಂಗ್ ಹೆಂಗಸರ ಎಂಟು ಮಣೆ. ಡ್ರೈವರ್ ಹೆಗಲಿನ ಹಗ್ಗ ಇಳಿಸಿ, ನಿಧಾನಕ್ಕೆ ಕೈಗೆ ಸುತ್ತಿಕೊಂಡ. ಆಮೇಲೆ ಜೇಬಿನಿಂದ ಚೀಟಿ ತೆಗೆದು ವ್ಯಾನಿನ ಬಾನೆಟ್ಟಿನ ಮೇಲಿಟ್ಟು, ಖಾಲಿ ಹೋದರೂ ಗೇಟಿನಲ್ಲಿ ಲೆಕ್ಕ ಕೊಡಬೇಕು, ಬರೆದುಕೊಡು ಅಂದ.

ಬಂಡಲ್ ಅನ್ನುವ ಕಡೆ ಡೈಲಾಗ್ ಸೊನ್ನೆ ಬರೆದ.

"ಅಕ್ಷರದಲ್ಲೂ ಬರಿ," ಅಂದ ಡ್ರೈವರ್. "ಆಮೇಲೆ ಯಾರಾದ್ರೂ ಮುಂದೆ ಒಂದು ನಂಬರ್ ಸೇರಿಸಿದ್ರೆ ನನ್ನ ತಲೆಗೆ ಬರುತ್ತೆ."

ಅವನು ಅಕ್ಷರದಲ್ಲೂ ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಹಾಕಿ, ಚೀಟಿಯನ್ನು ವಾಪಸು ಕೊಟ್ಟ.